ವೇಗದ ಡೆಲಿವರಿಗೆಂದು ಕಟ್ಟಿದ ಹಣ, ಗುರುವಾರದ ಬದಲು ಮಂಗಳವಾರ ಬಂದ ಮಿಕ್ಸಿ

ಆನ್‌ಲೈನ್ ಅಂಗಡಿಯೊಂದರ ವಾರ್ಷಿಕ ಸದಸ್ಯತ್ವವನ್ನು ಕಳೆದ ತಿಂಗಳು ನಾನು ನವೀಕರಿಸಲಿಲ್ಲ. ಮೂರು ವರ್ಷ ತಪ್ಪದೆ ಹಣ ಕಟ್ಟಿದವನು ಈಗ ಏಕೆ ಬಿಟ್ಟೆ ಎಂದು ಗೆಳೆಯರು ಕೇಳಿದರು. ಸಿಟ್ಟಿನಿಂದ ಬಿಟ್ಟೆನೆಂದು ಅವರೆಲ್ಲ ಭಾವಿಸಿದ್ದಾರೆ. ಸಿಟ್ಟು ಇದ್ದದ್ದು ನಿಜ, ಆದರೆ ಬಿಟ್ಟದ್ದು ಲೆಕ್ಕ ಹಾಕಿದ ಮೇಲೆ. ಆ ಲೆಕ್ಕವನ್ನೂ ಲೆಕ್ಕ ಹಾಕುವಂತೆ ಮಾಡಿದ ಮಿಕ್ಸಿಯ ಕಥೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ.

ನಮ್ಮ ಮನೆ ಸಾಗರ ಪೇಟೆಯಿಂದ ಸ್ವಲ್ಪ ಹೊರಗಿದೆ. ಜನವರಿಯ ಒಂದು ಶನಿವಾರ ತಂದೆಯವರ ತಿಥಿ ಇತ್ತು. ಅದರ ಹಿಂದಿನ ಭಾನುವಾರ ಮನೆಯ ಹಳೆಯ ಮಿಕ್ಸಿ ಸುಟ್ಟ ವಾಸನೆ ಬಿಟ್ಟು ನಿಂತುಹೋಯಿತು. ಅದೇ ರಾತ್ರಿ ಆ್ಯಪ್ ತೆರೆದು 3,299 ರೂಪಾಯಿಯ ಒಂದು ಮಿಕ್ಸಿಯನ್ನು ಆರ್ಡರ್ ಮಾಡಿದೆ. ಬೆಲೆಯ ಕೆಳಗೆ ಸದಸ್ಯರ ಗುರುತಿನ ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ "ಗುರುವಾರದೊಳಗೆ ಉಚಿತ ಡೆಲಿವರಿ" ಎಂದಿತ್ತು. ತಿಥಿಗೆ ಎರಡು ದಿನ ಮೊದಲೇ ಬರುತ್ತದೆಯೆಂದು ನೆಮ್ಮದಿಯಾಗಿ ಮಲಗಿದೆ.

ಗುರುವಾರ ಬೆಳಿಗ್ಗೆ 8.40ಕ್ಕೆ "ಔಟ್ ಫಾರ್ ಡೆಲಿವರಿ" ಎಂಬ ಸಂದೇಶ ಬಂದಿತು. ಅಂದು ರಜೆ ಹಾಕಿದ್ದರಿಂದ ದಿನವಿಡೀ ಜಗಲಿಯಲ್ಲೇ ಇದ್ದೆ, ಫೋನ್ ಕೈಯಲ್ಲೇ ಇತ್ತು. ರಾತ್ರಿ 7.50ಕ್ಕೆ ಇನ್ನೊಂದು ಸಂದೇಶ: "ಡೆಲಿವರಿಗೆ ಪ್ರಯತ್ನಿಸಲಾಯಿತು, ಗ್ರಾಹಕರು ಲಭ್ಯರಿರಲಿಲ್ಲ." ಯಾರೂ ಬಂದಿರಲಿಲ್ಲ, ಯಾರೂ ಕರೆ ಮಾಡಿರಲಿಲ್ಲ. ಮಿಸ್ಡ್ ಕಾಲ್ ಇದೆಯೇ ಎಂದು ನೋಡಿದೆ, ಅದೂ ಇರಲಿಲ್ಲ. ಹೀಗೆ ಬಾರದೆಯೇ ಬಂದೆನೆಂದು ಬರೆಯುವುದನ್ನು ಪತ್ತೆಹಚ್ಚಲು ಇರುವ ಸುಲಭ ದಾರಿಯೆಂದರೆ ಫೋನಿನ ಕರೆಪಟ್ಟಿ. ಮನೆ ಹುಡುಕಿ ಬಂದು ಬಾಗಿಲು ತೆರೆಯದವರಿಗೆ ಡೆಲಿವರಿ ಹುಡುಗರು ಸಾಮಾನ್ಯವಾಗಿ ಒಮ್ಮೆಯಾದರೂ ಕರೆ ಮಾಡುತ್ತಾರೆ. ಆ ರಾತ್ರಿಯೇ ಕರೆಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ, ಮುಂದೆ ಅದೇ ಕೆಲಸಕ್ಕೆ ಬಂದಿತು.

ಶುಕ್ರವಾರ ಬೆಳಿಗ್ಗೆ ಆರ್ಡರ್ ಪುಟ ತೆರೆದರೆ "ಶನಿವಾರದೊಳಗೆ ಬರಲಿದೆ" ಎಂದಿತ್ತು. ಗುರುವಾರವೆಂಬ ಮಾತಿನ ಕುರುಹೇ ಅಲ್ಲಿರಲಿಲ್ಲ. ತಡವಾಗಿದೆಯೆಂದಾಗಲಿ ಕ್ಷಮಿಸಿಯೆಂದಾಗಲಿ ಒಂದು ಸಾಲೂ ಇಲ್ಲದೆ, ಮೊದಲಿನಿಂದಲೂ ಶನಿವಾರವೆಂದೇ ಹೇಳಿದ್ದೆವೆಂಬಂತೆ ಹೊಸ ದಿನಾಂಕ ಕುಳಿತಿತ್ತು. ರದ್ದು ಮಾಡೋಣವೆಂದರೆ "ಸರಕು ಹೊರಟಾಗಿದೆ, ಬಂದಾಗ ಬಾಗಿಲಲ್ಲೇ ನಿರಾಕರಿಸಿ" ಎಂಬ ಉತ್ತರ ಬಂದಿತು. ಸಂಜೆ ಪೇಟೆಗೆ ಹೋಗಿ ಅದೇ ಕಂಪನಿಯ ಅದೇ ಮಾದರಿಯನ್ನು 3,650 ರೂಪಾಯಿ ಕೊಟ್ಟು ತಂದೆ. ಹಾಗಾಗಿ ತಿಥಿಯ ಅಡುಗೆಗೆ ತೊಂದರೆಯಾಗಲಿಲ್ಲ. ಅಮ್ಮ ಮಾತ್ರ ಮೊದಲೇ ಒರಳುಕಲ್ಲನ್ನು ತೊಳೆಸಿಟ್ಟಿದ್ದರು. ಮಗನ ಆ್ಯಪಿನ ಮೇಲೆ ಅವರಿಗೆ ಎಂದೂ ಭರವಸೆ ಇರಲಿಲ್ಲ.

ಶನಿವಾರವೂ ಬಾರದ ಪಾರ್ಸೆಲ್ ಮಂಗಳವಾರ ನಾನು ಕೆಲಸಕ್ಕೆ ಹೋಗಿದ್ದಾಗ ಬಂದಿತು. ನಿರಾಕರಿಸಬೇಕೆಂದು ಮನೆಯವಳಿಗೆ ಹೇಳಲು ಮರೆತಿದ್ದೆ. ಹುಡುಗ ಓಟಿಪಿ ಕೇಳಿದ, ಅವಳು ನನಗೆ ಫೋನ್ ಮಾಡಿದಳು, ನಾನು ಯಾವುದೋ ಗಡಿಬಿಡಿಯಲ್ಲಿ ಆರು ಅಂಕಿಗಳನ್ನು ಓದಿ ಹೇಳಿಬಿಟ್ಟೆ. ಅದು ನನ್ನದೇ ತಪ್ಪು. ಬಾಗಿಲಲ್ಲೇ ಬೇಡವೆಂದಿದ್ದರೆ ಪಾರ್ಸೆಲ್ ತಾನಾಗಿಯೇ ಹಿಂದಕ್ಕೆ ಹೋಗಿ, ಗೋದಾಮು ತಲುಪಿದ ಮೇಲೆ ಹಣ ಮರಳುತ್ತಿತ್ತು. ಓಟಿಪಿ ಹೇಳಿದೆವೆಂದರೆ ಸರಕನ್ನು ಒಪ್ಪಿಕೊಂಡಂತೆ, ಅಲ್ಲಿಂದ ಮುಂದೆ ಆ ವಸ್ತುವಿನ ವಾಪಸಾತಿ ನಿಯಮಗಳು ಶುರುವಾಗುತ್ತವೆ. ಈ ಮಿಕ್ಸಿಗಿದ್ದ ನಿಯಮ "7 ದಿನಗಳೊಳಗೆ ಬದಲಾವಣೆ ಮಾತ್ರ" ಎಂಬುದು. ಕೆಟ್ಟಿದ್ದರೆ ಇನ್ನೊಂದನ್ನು ಕೊಡುತ್ತಾರೆ, ಹಣ ಕೊಡುವುದಿಲ್ಲ. ಮಿಕ್ಸಿ ಕೆಟ್ಟಿರಲಿಲ್ಲ, ನನಗೆ ಬೇಕಿರಲಿಲ್ಲ ಅಷ್ಟೇ.

ಮುಂದಿನ ವಾರ ಬೇರೊಂದು ಪಾರ್ಸೆಲ್ ತಂದ ಅದೇ ಹುಡುಗನನ್ನು ನಿಲ್ಲಿಸಿ ಗುರುವಾರದ ವಿಷಯ ಕೇಳಿದೆ. ಅವನು ಮುಚ್ಚಿಡಲಿಲ್ಲ. "ಸರ್, ಅವತ್ತು ತೊಂಬತ್ತು ಪಾರ್ಸೆಲ್ ಇತ್ತು. ನಿಮ್ಮ ಕಡೆ ತಿರುಗೋಷ್ಟರಲ್ಲಿ ಕತ್ತಲಾಯ್ತು. ಉಳಿದಿದ್ದಕ್ಕೆಲ್ಲ ಯಾವುದಾದ್ರೂ ಒಂದು ಕಾರಣ ಒತ್ತಲೇಬೇಕು, 'ಟೈಮ್ ಸಾಕಾಗ್ಲಿಲ್ಲ' ಅನ್ನೋ ಬಟನ್ ಅದರಲ್ಲಿಲ್ಲ" ಎಂದ. ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದೆ. ಜಗಳ ಅವನೊಡನೆ ಆಡುವಂಥದ್ದಲ್ಲ. ಅವನ ಫೋನಿನಲ್ಲಿ ಯಾವ ಬಟನ್ ಇರಬೇಕೆಂದು ತೀರ್ಮಾನಿಸಿದವರು ಬೇರೆ ಇದ್ದಾರೆ.

ಇನ್ನು ಆ ಹಸಿರು ಅಕ್ಷರದ ಗುರುವಾರ ಎಲ್ಲಿಂದ ಬರುತ್ತದೆಂಬುದನ್ನು ನೋಡಬೇಕು. ಸದಸ್ಯತ್ವದ ಹಣ ಕಟ್ಟಿದವನು ವೇಗವನ್ನು ಕೊಂಡಿದ್ದೇನೆಂದು ತಿಳಿಯುತ್ತಾನೆ. ವಾಸ್ತವದಲ್ಲಿ ವಸ್ತು ಯಾವ ಗೋದಾಮಿನಲ್ಲಿದೆ, ಅಲ್ಲಿಂದ ಲಾರಿ ಎಷ್ಟು ಹೊತ್ತಿಗೆ ಹೊರಡುತ್ತದೆ, ನಮ್ಮ ಪಿನ್‌ಕೋಡಿನ ಡೆಲಿವರಿ ಕೇಂದ್ರಕ್ಕೆ ಯಾವಾಗ ತಲುಪುತ್ತದೆ, ಅಲ್ಲಿಂದ ಎಷ್ಟು ಹುಡುಗರು ಹೊರಡುತ್ತಾರೆ ಎಂಬುದನ್ನೆಲ್ಲ ಕೂಡಿಸಿ ಕಂಪ್ಯೂಟರ್ ಒಂದು ಅಂದಾಜು ದಿನಾಂಕವನ್ನು ತೆಗೆಯುತ್ತದೆ. ಬೆಂಗಳೂರಿನ ಸುತ್ತಮುತ್ತಲಿನ ಗೋದಾಮಿನಿಂದ ವಿಜಯನಗರದಲ್ಲಿರುವ ನನ್ನ ತಂಗಿಯ ಮನೆಗೆ ರಾತ್ರಿ ಹೊರಟದ್ದು ಬೆಳಿಗ್ಗೆ ತಲುಪಬಹುದು. ಅದೇ ಗೋದಾಮಿನಿಂದ ಸಾಗರಕ್ಕೆ ಬರುವ ಪೆಟ್ಟಿಗೆ ವಿಂಗಡಣಾ ಕೇಂದ್ರವೊಂದರಲ್ಲಿ ಇಳಿದು, ಇನ್ನೊಂದು ಗಾಡಿ ಹತ್ತಿ, ಊರಿನ ಕೇಂದ್ರದಲ್ಲಿ ಮತ್ತೆ ಇಳಿಯಬೇಕು. ಈ ದಾರಿಯಲ್ಲಿ ಸದಸ್ಯರಿಗೊಂದು ಲಾರಿ, ಸದಸ್ಯರಲ್ಲದವರಿಗೊಂದು ಲಾರಿ ಎಂದು ನನ್ನ ಅನುಭವಕ್ಕೆ ಬಂದಿಲ್ಲ. ಪಕ್ಕದ ಮನೆಯವರಿಗೆ ಸದಸ್ಯತ್ವವಿಲ್ಲ. ಅವರೂ ನಾನೂ ಒಂದೇ ದಿನ ತರಿಸಿದ ವಸ್ತುಗಳು ಹಲವು ಬಾರಿ ಒಂದೇ ಹುಡುಗನ ಒಂದೇ ಚೀಲದಿಂದ ಇಳಿದಿವೆ.

ಪಿನ್‌ಕೋಡಿನ ಈ ಪ್ರಶ್ನೆ ನಮ್ಮಂಥ ಸಣ್ಣ ಊರುಗಳಿಗಷ್ಟೇ ಸೇರಿದ್ದಲ್ಲ. ಹಣ ಕಟ್ಟಿ ವೇಗ ಪಡೆಯುವ ಈ ಪದ್ಧತಿ ಜನಪ್ರಿಯವಾದದ್ದು ಅಮೆರಿಕದಲ್ಲಿ. ಅಮೆಜಾನ್ 2005ರ ಫೆಬ್ರವರಿಯಲ್ಲಿ ವರ್ಷಕ್ಕೆ 79 ಡಾಲರಿಗೆ ಎರಡು ದಿನಗಳ ಡೆಲಿವರಿಯೆಂದು ಪ್ರೈಮ್ ಸದಸ್ಯತ್ವವನ್ನು ಆರಂಭಿಸಿತು. 2022ರಲ್ಲಿ ಅಲ್ಲಿನ ಶುಲ್ಕ 139 ಡಾಲರಿಗೆ ಏರಿತು. 2024ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ಡಿಸಿಯ ಅಟಾರ್ನಿ ಜನರಲ್ ಆ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. ನಗರದ ಎರಡು ಪಿನ್‌ಕೋಡ್ ಪ್ರದೇಶಗಳಲ್ಲಿ ಕಂಪನಿಯು ತನ್ನ ಸ್ವಂತ ಗಾಡಿಗಳನ್ನು ನಿಲ್ಲಿಸಿ ಬೇರೆ ಕೊರಿಯರ್‌ಗಳಿಗೂ ಅಂಚೆಗೂ ವಹಿಸಿದೆ, ಅದನ್ನು ಅಲ್ಲಿನ ಸದಸ್ಯರಿಗೆ ತಿಳಿಸದೆ ಪೂರ್ತಿ ಶುಲ್ಕವನ್ನೇ ಪಡೆಯುತ್ತಿದೆ ಎಂಬುದು ಆರೋಪ. ತನ್ನ ಚಾಲಕರ ಸುರಕ್ಷತೆಗಾಗಿ ಹಾಗೆ ಮಾಡಬೇಕಾಯಿತೆಂದು ಕಂಪನಿ ಉತ್ತರ ಕೊಟ್ಟಿತು. ಯಾರು ಸರಿಯೆಂಬುದು ಅಲ್ಲಿನ ನ್ಯಾಯಾಲಯಕ್ಕೆ ಬಿಟ್ಟ ವಿಚಾರ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದೂರಿನ ತಿರುಳು: ಶುಲ್ಕ ಎಲ್ಲರಿಗೂ ಒಂದೇ, ಸಿಗುವ ವೇಗ ಮಾತ್ರ ವಿಳಾಸಕ್ಕೆ ತಕ್ಕಂತೆ.

ಮಿಕ್ಸಿಯ ಕಥೆಗೆ ಮರಳುತ್ತೇನೆ. ಗ್ರಾಹಕ ಸೇವೆಯ ಚಾಟಿನಲ್ಲಿ ಮೊದಲು ಸಿಕ್ಕಿದ್ದು ಕ್ಷಮೆ, ನಂತರ 100 ರೂಪಾಯಿ ಕ್ಯಾಶ್‌ಬ್ಯಾಕ್. ಆ ನೂರು ರೂಪಾಯಿಯೂ ಅವರದೇ ವ್ಯಾಲೆಟ್ಟಿಗೆ, ಅಂದರೆ ಮತ್ತೆ ಅವರಲ್ಲೇ ಖರ್ಚು ಮಾಡಬೇಕಾದ ಹಣ. ತಡವಾದರೆ ಸದಸ್ಯನಿಗೆ ನಿಯಮದ ಪ್ರಕಾರ ಏನು ಸಿಗುತ್ತದೆಂದು ಕೇಳಿದೆ. ಡೆಲಿವರಿ ಶುಲ್ಕ ಕಟ್ಟಿದ್ದರೆ ಅದನ್ನು ಹಿಂದಿರುಗಿಸುತ್ತೇವೆ, ತಾವು ಸದಸ್ಯರಾದ್ದರಿಂದ ಈ ಆರ್ಡರಿಗೆ ಶುಲ್ಕವನ್ನೇ ಕಟ್ಟಿಲ್ಲ ಎಂದರು. ಈ ಉತ್ತರವನ್ನು ಎರಡು ಸಲ ಓದಿಕೊಂಡೆ. ಒಂದು ಪಾರ್ಸೆಲ್ಲಿಗೆಂದು 40 ರೂಪಾಯಿ ಕೊಟ್ಟವನಿಗೆ ತಡವಾದಾಗ ಆ 40 ಮರಳುತ್ತದೆ. ವರ್ಷದ ಎಲ್ಲ ಪಾರ್ಸೆಲ್ಲುಗಳಿಗೂ ಮುಂಗಡವಾಗಿ 899 ರೂಪಾಯಿ ಕೊಟ್ಟವನಿಗೆ, ಪ್ರತಿ ಪಾರ್ಸೆಲ್ಲಿನ ಶುಲ್ಕ ಸೊನ್ನೆಯೆಂದು ಬಿಲ್ಲಿನಲ್ಲಿ ಬರೆದಿರುವುದರಿಂದ, ಮರಳುವುದೂ ಸೊನ್ನೆ. ಮುಂಗಡ ಕೊಟ್ಟವನೇ ಬರಿಗೈಯಲ್ಲಿ ನಿಲ್ಲುವ ವ್ಯವಸ್ಥೆ ಇದು. ಸದಸ್ಯತ್ವದ ಹಣದಲ್ಲಿ ಒಂದು ಪಾಲನ್ನಾದರೂ ಹಿಂದಿರುಗಿಸಿ ಎಂದದ್ದಕ್ಕೆ, ತಾವು ಅದರ ಸೌಲಭ್ಯವನ್ನು ಈಗಾಗಲೇ ಬಳಸಿದ್ದೀರಿ, ಆಗುವುದಿಲ್ಲ ಎಂದರು. ಅವರ ಷರತ್ತುಗಳನ್ನು ಓದಿದೆ, ಅಲ್ಲಿ ಹಾಗೆಯೇ ಇತ್ತು. ಷರತ್ತುಗಳಿಗೆ ಒಪ್ಪಿಗೆ ಒತ್ತಿದ್ದವನು ನಾನೇ.

ಆದರೆ ಮಿಕ್ಸಿಯ ಹಣದ ಮಾತು ಬೇರೆ. ಅದಕ್ಕೆ ಸದಸ್ಯತ್ವದ ಅಗತ್ಯವೇ ಇಲ್ಲ, ದೇಶದ ನಿಯಮವೇ ಸಾಕು. 2020ರ ಜುಲೈಯಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ 6ನೆಯ ನಿಯಮದ 3ನೆಯ ಉಪನಿಯಮ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವ ಮಾರಾಟಗಾರನಿಗೆ ಅನ್ವಯಿಸುತ್ತದೆ. ಸರಕು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಹೇಳಿದಂತಿರದಿದ್ದರೆ ಅದನ್ನು ಹಿಂಪಡೆಯಲು ಇಲ್ಲವೇ ಹಣ ಮರಳಿಸಲು ಅವನು ನಿರಾಕರಿಸುವಂತಿಲ್ಲ. ಇಷ್ಟು ಹೆಚ್ಚಿನವರಿಗೆ ಗೊತ್ತಿದೆ. ಅದೇ ಸಾಲಿನ ಕೊನೆಯಲ್ಲಿ ಇನ್ನೊಂದು ಸಂದರ್ಭವೂ ಇದೆ: ತಿಳಿಸಿದ ವೇಳಾಪಟ್ಟಿಗಿಂತ ತಡವಾಗಿ ಸರಕು ತಲುಪಿದ್ದರೆ. ಅದಕ್ಕೊಂದು ವಿನಾಯಿತಿಯನ್ನೂ ಅಲ್ಲೇ ಕೊಟ್ಟಿದ್ದಾರೆ. ಮನುಷ್ಯನ ಕೈಮೀರಿದ ಕಾರಣದಿಂದ ತಡವಾಗಿದ್ದರೆ ಈ ಉಪನಿಯಮ ಅನ್ವಯಿಸುವುದಿಲ್ಲ. ಜುಲೈಯ ಮಳೆಯಲ್ಲಿ ಘಟ್ಟದ ರಸ್ತೆ ಕುಸಿದು ಲಾರಿ ನಿಂತಿತೆಂದರೆ ನಾನೂ ಸುಮ್ಮನಿರುತ್ತಿದ್ದೆ, ಮಲೆನಾಡಿನವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಜನವರಿಯ ಒಣ ಗುರುವಾರದಂದು, ಊರಿಗೆ ಬಂದು ಗಾಡಿಯನ್ನೂ ಹತ್ತಿದ್ದ ಪಾರ್ಸೆಲ್ಲಿಗೆ ಅಂಥ ಕಾರಣ ಇರಲಿಲ್ಲ.

ಇಲ್ಲಿ ಎಲ್ಲವೂ ನಿಂತಿರುವುದು "ತಿಳಿಸಿದ ವೇಳಾಪಟ್ಟಿ" ಎಂಬ ಮಾತಿನ ಮೇಲೆ. ಆರ್ಡರ್ ಪುಟದಲ್ಲಿ ದಿನಾಂಕ ಬದಲಾಗುತ್ತಲೇ ಇರುತ್ತದೆ, ಸರಕು ತಲುಪಿದ ಮೇಲೆ "ಮಂಗಳವಾರ ತಲುಪಿದೆ" ಎಂಬುದಷ್ಟೇ ಉಳಿಯುತ್ತದೆ. ಮೊದಲು ಕೊಟ್ಟ ಮಾತು ನನ್ನ ಬಳಿ ಉಳಿದದ್ದು ಆರ್ಡರ್ ಮಾಡಿದ ಕೂಡಲೇ ಬಂದ ಇಮೇಲಿನಲ್ಲಿ ಮಾತ್ರ. ಅದನ್ನು ನಾನು ಅಳಿಸದೆ ಇಟ್ಟಿದ್ದು ಶಿಸ್ತಿನಿಂದಲ್ಲ, ಸೋಮಾರಿತನದಿಂದ. ಅದರ ಪ್ರತಿ, ಗುರುವಾರದ ಸುಳ್ಳು ಸಂದೇಶ, ಆ ದಿನದ ಕರೆಪಟ್ಟಿ, ಈ ಮೂರನ್ನು ಸೇರಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆದೆ. ಚಾಟಿನಲ್ಲಿ ಮಾತನಾಡುವವರು ಬೇರೆ, ಈ ಅಧಿಕಾರಿ ಬೇರೆ. ಅಧಿಕಾರಿಯ ಹೆಸರು ಮತ್ತು ಸಂಪರ್ಕದ ವಿವರ ಜಾಲತಾಣದಲ್ಲಿ ಇರಲೇಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಪುಟದ ತೀರಾ ಕೆಳಗೆ ಸಣ್ಣ ಅಕ್ಷರಗಳಲ್ಲಿ ಹುಡುಕಿದರೆ ಸಿಗುತ್ತದೆ. ದೂರು ತಲುಪಿತೆಂದು ಅವರು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಪತ್ರವನ್ನು ಉದ್ದ ಮಾಡಲಿಲ್ಲ. ಯಾವ ದಿನ ಆರ್ಡರ್ ಮಾಡಿದೆ, ಯಾವ ದಿನಾಂಕ ಹೇಳಿದ್ದರು, ಯಾವ ದಿನ ಬಂದಿತು, ರದ್ದು ಮಾಡಲು ಯಾವಾಗ ಕೇಳಿದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದೆ. ನಿಯಮದ ಸಂಖ್ಯೆಯನ್ನು ಹಾಕಿದೆ. ಪೆಟ್ಟಿಗೆಯನ್ನು ತೆರೆದಿಲ್ಲವೆಂದು ತಿಳಿಸಿದೆ. ಹಣವನ್ನು ವ್ಯಾಲೆಟ್ಟಿಗೆ ಹಾಕದೆ, ನಾನು ಪಾವತಿಸಿದ ಬ್ಯಾಂಕ್ ಖಾತೆಗೇ ಮರಳಿಸಬೇಕೆಂದು ಕೇಳಿದೆ. ತಿಥಿ, ಒರಳುಕಲ್ಲು, ಅಮ್ಮ ಯಾವುದನ್ನೂ ಬರೆಯಲಿಲ್ಲ. ಮರುದಿನವೇ ದೂರಿನ ಸಂಖ್ಯೆ ಬಂದಿತು. ಹನ್ನೊಂದನೆಯ ದಿನ ಪೆಟ್ಟಿಗೆಯನ್ನು ಒಯ್ದರು, ನಂತರ 3,299 ರೂಪಾಯಿ ಖಾತೆಗೆ ಜಮೆಯಾಯಿತು. "ಬದಲಾವಣೆ ಮಾತ್ರ" ಎಂಬ ನಿಯಮದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಪೇಟೆಯಲ್ಲಿ ಹೆಚ್ಚಾಗಿ ಕೊಟ್ಟ 351 ರೂಪಾಯಿ ಮಾತ್ರ ಸಿಗಲಿಲ್ಲ. ಅದನ್ನು ಕೇಳಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕಿತ್ತು. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷಗಳ ಅವಧಿ ಇದೆ. ಆದರೂ 351 ರೂಪಾಯಿಗಾಗಿ ಶಿವಮೊಗ್ಗಕ್ಕೆ ಬಸ್ಸು ಹತ್ತುವ ಉತ್ಸಾಹ ನನಗಿರಲಿಲ್ಲ. ಅಧಿಕಾರಿಯೂ ಉತ್ತರಿಸದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬೇಕೆಂದುಕೊಂಡಿದ್ದೆ, ಅದರ ಅಗತ್ಯ ಬೀಳಲಿಲ್ಲ.

ಹಣ ಮರಳಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಕುಳಿತು ವರ್ಷದ ಎಲ್ಲ ಆರ್ಡರುಗಳನ್ನು ಹಳೆಯ ಡೈರಿಯೊಂದರಲ್ಲಿ ಬರೆದೆ. ಒಟ್ಟು 31 ಇದ್ದವು. ಅವುಗಳಲ್ಲಿ 14 ಆರ್ಡರುಗಳು 499 ರೂಪಾಯಿಗಿಂತ ಹೆಚ್ಚಿನವು. ಆ ಮೊತ್ತ ದಾಟಿದರೆ ಸದಸ್ಯರಲ್ಲದವರಿಗೂ ಡೆಲಿವರಿ ಉಚಿತವೇ. ಇನ್ನು 5 ಆರ್ಡರುಗಳನ್ನು ಮಾರಾಟಗಾರರು ತಾವೇ ಕೊರಿಯರಿನಲ್ಲಿ ಕಳಿಸಿದ್ದರು, ಅವುಗಳಿಗೆ ಸದಸ್ಯತ್ವ ಅನ್ವಯಿಸುವುದೇ ಇಲ್ಲ. ಉಳಿದದ್ದು 12. ಒಂದಕ್ಕೆ 40 ರೂಪಾಯಿಯಂತೆ 480 ರೂಪಾಯಿಯ ಉಳಿತಾಯ. ಇದಕ್ಕಾಗಿ ನಾನು ಕಟ್ಟಿದ್ದು 899. ಆ 12ರ ಪಟ್ಟಿಯನ್ನು ಓದುವಾಗ ನಗು ಬಂದಿತು. ಪೆನ್ನಿನ ರೀಫಿಲ್, ಬಾಗಿಲಿಗೆ ಕೊಡುವ ರಬ್ಬರಿನ ಅಡೆ, ಒಂದು ಗ್ಯಾಸ್ ಲೈಟರ್. ಡೆಲಿವರಿ ಉಚಿತವೆಂಬ ಧೈರ್ಯವಿರದಿದ್ದರೆ ಇವುಗಳಲ್ಲಿ ಅರ್ಧದಷ್ಟನ್ನು ಪೇಟೆಗೆ ಹೋದಾಗ ತರುತ್ತಿದ್ದೆ, ಇಲ್ಲವೇ ಒಟ್ಟುಗೂಡಿಸಿ ತರಿಸುತ್ತಿದ್ದೆ. ಆ್ಯಪಿನಲ್ಲಿ ಕಾಣುವ "ಈ ವರ್ಷ ನಿಮ್ಮ ಉಳಿತಾಯ" ಎಂಬ ಅಂಕಿಯನ್ನು ನಂಬದಿರಲು ಇದೇ ಕಾರಣ. ನಾವು ಕೊಡಲೇ ಇರದ ಹಣವನ್ನೂ ಅದು ಉಳಿಸಿದ್ದೆಂದೇ ಎಣಿಸುತ್ತದೆ.

ಆಮೇಲೆ ವೇಗದ ಲೆಕ್ಕ. ಸದಸ್ಯತ್ವ ಅನ್ವಯಿಸುವ 26 ಪಾರ್ಸೆಲ್ಲುಗಳ ಮೊದಲ ದಿನಾಂಕವನ್ನು ಇಮೇಲುಗಳಿಂದ ತೆಗೆದು, ಬಂದ ದಿನಾಂಕದ ಪಕ್ಕದಲ್ಲಿ ಬರೆದೆ. 17 ಹೇಳಿದ ದಿನವೇ ಬಂದಿದ್ದವು. 6 ಒಂದು ದಿನ, 2 ಎರಡು ದಿನ ತಡವಾಗಿದ್ದವು, ಮಿಕ್ಸಿ ಐದು ದಿನ. ಮಿಕ್ಸಿಯನ್ನು ಬಿಟ್ಟರೆ ತಡವಾದ ಯಾವುದರಿಂದಲೂ ನನಗೆ ನಷ್ಟವಾಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ರೀಫಿಲ್ ಬುಧವಾರ ಬಂದರೇನು, ಗುರುವಾರ ಬಂದರೇನು. ದಿನಾಂಕವೇ ಮುಖ್ಯವಾಗಿದ್ದದ್ದು ವರ್ಷದಲ್ಲಿ ಒಂದೇ ಸಲ, ಆ ಸಲವೇ ಅದು ಕೈಕೊಟ್ಟಿತು.

ತಂಗಿಯ ಲೆಕ್ಕ ಬೇರೆಯೇ ಆಯಿತು. ಅವಳಿಗೆ ಇಬ್ಬರು ಚಿಕ್ಕ ಮಕ್ಕಳು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. 499ಕ್ಕಿಂತ ಕಡಿಮೆಯ ಸಣ್ಣ ಆರ್ಡರುಗಳೇ ತಿಂಗಳಿಗೆ ನಾಲ್ಕೈದು, ಹೆಚ್ಚಿನವು ಮರುದಿನವೇ ಬಾಗಿಲಿಗೆ. 899ನ್ನು 40ರಿಂದ ಭಾಗಿಸಿದರೆ ಬರುವುದು ಸುಮಾರು ಇಪ್ಪತ್ತಮೂರು. ಬೇರೆ ಹೇಗೂ ತಪ್ಪಿಸಲಾಗದ ಸಣ್ಣ ಆರ್ಡರುಗಳು ವರ್ಷಕ್ಕೆ ಅಷ್ಟು ಇರುವವರಿಗೆ ಶುಲ್ಕ ಹುಟ್ಟುತ್ತದೆ, ಅವಳಿಗೆ ಅದು ಆರು ತಿಂಗಳಲ್ಲೇ ಹುಟ್ಟಿತ್ತು. "ಅಣ್ಣ, ನೀನು ಸಾಗರದಲ್ಲಿ ಕೂತು ಬೆಂಗಳೂರಿನವರ ಸೌಲಭ್ಯಕ್ಕೆ ದುಡ್ಡು ಕಟ್ತಿದ್ದೆ" ಎಂದಳು. ಸದಸ್ಯತ್ವದ ಜೊತೆಗೆ ಬರುತ್ತಿದ್ದ ಸಿನಿಮಾ, ಹಾಡುಗಳ ಬೆಲೆ ಎಷ್ಟೆಂದು ಕೇಳಿದರೆ, ನಮ್ಮ ಮನೆಯಲ್ಲಿ ಅವನ್ನು ಯಾರೂ ನೋಡಲಿಲ್ಲ, ಕೇಳಲಿಲ್ಲ.

ಕೊನೆಯದಾಗಿ ನವೀಕರಣದ ವಿಷಯ. ಸದಸ್ಯನಾದ ದಿನವೇ ತಾನಾಗಿ ನವೀಕರಿಸುವ ಆಯ್ಕೆ ಚಾಲೂ ಆಗಿರುತ್ತದೆ. ಅದನ್ನು ಅಂದೇ ನಿಲ್ಲಿಸಿದರೂ ವರ್ಷ ಮುಗಿಯುವವರೆಗೆ ನನ್ನ ಸೌಲಭ್ಯ ಮುಂದುವರಿಯುತ್ತದೆಂಬುದು ನನಗೆ ಎರಡು ವರ್ಷ ಗೊತ್ತಿರಲಿಲ್ಲ. ನಿಲ್ಲಿಸುವ ಬಟನ್ ಮೂರು ಪುಟ ಒಳಗಿತ್ತು, ಪ್ರತಿ ಪುಟದಲ್ಲಿಯೂ "ಸೌಲಭ್ಯಗಳನ್ನು ಕಳೆದುಕೊಳ್ಳುವಿರಿ" ಎಂಬ ಎಚ್ಚರಿಕೆ ಇತ್ತು. ಸೇರುವುದನ್ನು ಸುಲಭ ಮಾಡಿ ಬಿಡುವುದನ್ನು ಕಷ್ಟ ಮಾಡುವ ಇಂಥ ತಂತ್ರಗಳನ್ನು 2023ರ ನವೆಂಬರಿನ ಕೇಂದ್ರ ಸರ್ಕಾರದ ಮಾರ್ಗಸೂಚಿ ನಿಷೇಧಿಸಿದೆ. ಅಮೆರಿಕದಲ್ಲಿ ಪ್ರೈಮ್ ಬಗ್ಗೆ ಇದೇ ಬಗೆಯ ದೂರು 2025ರ ಸೆಪ್ಟೆಂಬರಿನಲ್ಲಿ 250 ಕೋಟಿ ಡಾಲರಿನ ಒಪ್ಪಂದದಲ್ಲಿ ಮುಗಿಯಿತು. ನಮ್ಮಲ್ಲಿ ಹೀಗೆ ತಾನಾಗಿ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ನನಗೆ ಆ ಸಂದೇಶ ಸಂಜೆ ಹೊತ್ತು ಬಂದಿತು, ಹಾಲಿನ ಡೈರಿಯ ಮುಂದೆ ನಿಂತಿದ್ದಾಗ. ಅಲ್ಲೇ ಬ್ಯಾಂಕಿನ ಆ್ಯಪ್ ತೆರೆದು ಆಟೋಪೇ ರದ್ದು ಮಾಡಿದೆ.

ಈಗ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಒಂದು ಚೀಟಿ ತೂಗುತ್ತಿದೆ. ಬೇಕಾದ್ದನ್ನು ಮನೆಯವರೆಲ್ಲ ಅದರಲ್ಲಿ ಬರೆಯುತ್ತಾರೆ, ಮೊತ್ತ 499 ದಾಟಿದಾಗ ಒಟ್ಟಿಗೆ ತರಿಸುತ್ತೇನೆ. ದಿನಾಂಕ ತಪ್ಪಬಾರದ ವಸ್ತುವನ್ನು ಪೇಟೆಯಿಂದಲೇ ತರುತ್ತೇನೆ. ಚೀಟಿಯ ತುದಿಯಲ್ಲಿ ಅಮ್ಮ ಈ ವಾರ ಬರೆಸಿರುವುದು "ಒರಳುಕಲ್ಲಿಗೆ ಹೊಸ ಗುಂಡು". ಅದು ಯಾವ ಆ್ಯಪಿನಲ್ಲಿ ಸಿಗುತ್ತದೆಂದು ನಾನಿನ್ನೂ ಹುಡುಕಿಲ್ಲ.